ಕಡೆಯ ಕೋಣೆಯ ಬಿಸಿನೀರು

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಳೆಯ ಮನೆಗಳಲ್ಲಿ ಬಿಸಿನೀರನ್ನು ಸಾಗಿಸುವ ಪ್ರಶ್ನೆಯೇ ಇರಲಿಲ್ಲ. ಬಚ್ಚಲುಮನೆಯ ಒಲೆಯಲ್ಲಿ ಅಡಿಕೆಯ ಸಿಪ್ಪೆಯೋ ಒಣಸೌದೆಯೋ ಉರಿಯುತ್ತಿರುತ್ತದೆ. ಮೇಲೆ ತಾಮ್ರದ ಹಂಡೆ. ಮೀಯುವವನು ಹಂಡೆಯ ಪಕ್ಕದಲ್ಲಿಯೇ ನಿಂತು ತಂಬಿಗೆಯಲ್ಲಿ ಮೊಗೆದು ಹೊಯ್ದುಕೊಳ್ಳುತ್ತಾನೆ. ಕಾದ ನೀರು ಕ್ರಮಿಸಬೇಕಾದ ದೂರ ಒಂದು ಮಾರಿಗಿಂತ ಹೆಚ್ಚಿಲ್ಲ. ಅಷ್ಟು ಅಲ್ಪ ದಾರಿಯಲ್ಲಿ ನೀರು ಕಳೆದುಕೊಳ್ಳುವ ಶಾಖವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದರೆ ಅದೇ ಹಂಡೆಯನ್ನು ಒಂದು ವಸತಿಗೃಹದ ಮೂಲೆಯಲ್ಲಿಟ್ಟು, ಅದರಿಂದ ಇಪ್ಪತ್ತನಾಲ್ಕು ಕೋಣೆಗಳಿಗೆ ನೀರು ಹಂಚಬೇಕಾದರೆ ಸಂಗತಿ ಬೇರೆಯಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಜನ, ಜೋಗವನ್ನೂ ಮಾಗೋಡನ್ನೂ ನೋಡಬಂದ ಪ್ರವಾಸಿಗರು, ಹೀಗೆ ಎಲ್ಲರಿಗೂ ಬೆಳಗ್ಗೆ ಆರು ಗಂಟೆಗೆ ಒಟ್ಟಿಗೇ ಬಿಸಿನೀರು ಬೇಕು. ಶಿರಸಿಯ ಅಂತಹ ಒಂದು ವಸತಿಗೃಹದ ವ್ಯವಸ್ಥಾಪಕರು ಕಳೆದ ಚಳಿಗಾಲದಲ್ಲಿ ನನ್ನನ್ನು ಕರೆದು ಹೇಳಿದರು: "ಮಾಸ್ತರೇ, ಬಾಯ್ಲರು ಕಾದಿದೆ, ಪಂಪು ಹಗಲೂ ರಾತ್ರಿ ತಿರುಗುತ್ತಿದೆ. ಆದರೂ ಕಡೆಯ ಕೋಣೆಯವರಿಗೆ ಮೊದಲ ಬಕೆಟ್ಟು ಉಗುರುಬೆಚ್ಚಗೇ ಬರುತ್ತದೆ. ಇನ್ನೂ ದೊಡ್ಡ ಪಂಪು ತರಿಸಲೋ ಎಂದು ಯೋಚಿಸುತ್ತಿದ್ದೇನೆ. ತಾವೊಮ್ಮೆ ನೋಡಿ ಹೇಳಬೇಕು."

ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಬೇಕಾದುದು ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರವೇ. ಅದನ್ನು ವಾಚಕರೊಡನೆ ಹಂತಹಂತವಾಗಿ ಬಿಡಿಸಿ ನೋಡುತ್ತೇನೆ.

ಮೊದಲು ಕೊಳವೆಗಳ ಏರ್ಪಾಡನ್ನು ತಿಳಿಯೋಣ. ಕಟ್ಟಡದ ಆ ಪಾರ್ಶ್ವದಲ್ಲಿ ಮೂರು ಅಂತಸ್ತುಗಳು; ಅಂತಸ್ತಿಗೆ ಎಂಟು ಕೋಣೆಗಳು. ಸೌದೆಯ ಬಾಯ್ಲರೂ ಅದರ ತೊಟ್ಟಿಯೂ ನೆಲದಂತಸ್ತಿನ ಒಂದು ತುದಿಯಲ್ಲಿವೆ. ಅಲ್ಲಿಂದ ಒಂದು ಅಂಗುಲದ ಕಬ್ಬಿಣದ ಮುಖ್ಯ ಕೊಳವೆ ಮೊಗಸಾಲೆಯ ಉದ್ದಕ್ಕೂ 35 ಮೀಟರ್ ಹೋಗುತ್ತದೆ. ತೊಟ್ಟಿಯಿಂದ 5, 15, 25, 35 ಮೀಟರ್ ದೂರಗಳಲ್ಲಿ ಅದರಿಂದ ನಾಲ್ಕು ಏರುಗೊಳವೆಗಳು ಕವಲೊಡೆದು ಮೇಲಕ್ಕೆ 10 ಮೀಟರ್ ಹೋಗುತ್ತವೆ. ಒಂದೊಂದು ಏರುಗೊಳವೆಯೂ ಆರು ಕೋಣೆಗಳಿಗೆ ನೀರು ಕೊಡುತ್ತದೆ.

ಏರ್ಪಾಡು ಇಷ್ಟೇ ಆಗಿದ್ದರೆ ಏನಾಗುತ್ತಿತ್ತು? ಯಾರೂ ನಲ್ಲಿ ತೆರೆಯದ ರಾತ್ರಿಯಲ್ಲಿ ಕೊಳವೆಯ ನೀರು ನಿಂತಲ್ಲೇ ತಣ್ಣಗಾಗುತ್ತಿತ್ತು. ಒಂದು ಅಂಗುಲದ ಕೊಳವೆ ಮೀಟರಿಗೆ ಸುಮಾರು ಅರ್ಧ ಲೀಟರು ನೀರನ್ನು ಹಿಡಿಯುತ್ತದೆ. ಕಡೆಯ ಏರುಗೊಳವೆಯ ತುದಿಗೆ 45 ಮೀಟರ್ ದಾರಿ. ಆದ್ದರಿಂದ ಅಲ್ಲಿಯ ಅತಿಥಿ ಸುಮಾರು 22 ಲೀಟರು, ಎಂದರೆ ಒಂದು ಬಕೆಟ್ಟಿಗೂ ಮಿಕ್ಕ ತಣ್ಣೀರನ್ನು ಚೆಲ್ಲಿದ ಮೇಲೆಯೇ ಬಿಸಿನೀರನ್ನು ಕಾಣಬೇಕು. ಇದನ್ನು ತಪ್ಪಿಸಲು ಪ್ರತಿಯೊಂದು ಏರುಗೊಳವೆಯ ನೆತ್ತಿಯಿಂದ ಒಂದು ಇಳಿಗೊಳವೆಯನ್ನು ಕೆಳಗೆ ತಂದು, ನಾಲ್ಕನ್ನೂ ಒಂದು ಹಿಂದಿರುಗುವ ಮುಖ್ಯ ಕೊಳವೆಗೆ ಕೂಡಿಸಿ, ಅದನ್ನು ತೊಟ್ಟಿಗೆ ಮರಳಿಸುತ್ತಾರೆ. ನಡುವೆ ಒಂದು ಪಂಪು. ನೀರು ಸದಾ ಸುತ್ತುತ್ತಿರುವುದರಿಂದ ನಲ್ಲಿಯ ಬಳಿ ಯಾವಾಗಲೂ ಬಿಸಿನೀರು ಸಿದ್ಧವಾಗಿರತಕ್ಕದ್ದು. ಹೋಗುವ ಮುಖ್ಯ ಕೊಳವೆ 35, ಏರುಗೊಳವೆಗಳು 40, ಇಳಿಗೊಳವೆಗಳು 40, ಹಿಂದಿರುಗುವ ಮುಖ್ಯ ಕೊಳವೆ 35; ಒಟ್ಟು 150 ಮೀಟರ್. ಈ ಕಟ್ಟಡದಲ್ಲಿ ಅಷ್ಟೂ ಒಂದೇ ಅಳತೆಯ ಕೊಳವೆ, ಯಾವುದಕ್ಕೂ ಹೊದಿಕೆಯಿಲ್ಲ. ಅನೇಕ ಕಡೆ ಹಿಂದಿರುಗುವ ಕೊಳವೆಯನ್ನು ಸಣ್ಣದಾಗಿ ಹಾಕುತ್ತಾರೆ. ಇಲ್ಲಿ ಒಂದೇ ಅಳತೆಯದಾದುದರಿಂದ ನಮ್ಮ ಲೆಕ್ಕ ಸುಲಭವಾಯಿತು.

ಪರೀಕ್ಷೆಗೆ ನಾವು ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯ ಹೊತ್ತನ್ನು ಆರಿಸಿಕೊಂಡೆವು. ಆಗ ಯಾರೂ ಮೀಯುವುದಿಲ್ಲ. ನಲ್ಲಿಗಳು ಮುಚ್ಚಿರುವಾಗ ಕೊಳವೆಯಲ್ಲಿ ಹರಿಯುವುದೆಲ್ಲ ಸುತ್ತುವ ನೀರೇ. ತೊಟ್ಟಿಯಿಂದ ಹೊರಡುವ ನೀರು 60 ಡಿಗ್ರಿ ಸೆಲ್ಸಿಯಸ್, ಹಿಂದಿರುಗುವುದು 52.5 ಡಿಗ್ರಿ. ಹಿಂದಿರುಗುವ ಕೊಳವೆಗೆ ಕೂಡಿಸಿದ್ದ ಮೀಟರಿನ ಪ್ರಕಾರ ಹರಿವು ನಿಮಿಷಕ್ಕೆ 10 ಲೀಟರು. ಈ ಮೂರು ಸಂಖ್ಯೆಗಳಿಂದಲೇ ಕೊಳವೆಗಳು ಎಷ್ಟು ಶಾಖವನ್ನು ಸೋರಿಸುತ್ತಿವೆಯೆಂದು ಹೇಳಬಹುದು. ಒಂದು ಲೀಟರು ನೀರು ಒಂದು ಡಿಗ್ರಿ ತಣಿದರೆ 4,200 ಜೂಲ್ ಶಾಖವನ್ನು ಬಿಟ್ಟುಕೊಡುತ್ತದೆ. ಸೆಕೆಂಡಿಗೆ ಒಂದು ಲೀಟರಿನ ಆರನೆಯ ಒಂದು ಭಾಗ ನೀರು 7.5 ಡಿಗ್ರಿ ತಣಿಯುತ್ತಿದೆ. ಎಂದರೆ ಸೆಕೆಂಡಿಗೆ 5,250 ಜೂಲ್, ಅಥವಾ 5,250 ವ್ಯಾಟ್. ದಿನದ ಇಪ್ಪತ್ತನಾಲ್ಕು ಗಂಟೆಗೆ ಇದು 126 ಯೂನಿಟ್.

ಇದು ಹೆಚ್ಚೋ ಕಡಿಮೆಯೋ? ಮೀಯಲು ಬೇಕಾಗುವ ಶಾಖದೊಡನೆ ಹೋಲಿಸಿ ನೋಡೋಣ. ಕೋಣೆಗೆ ಇಬ್ಬರು, ಒಬ್ಬೊಬ್ಬರಿಗೆ 40 ಡಿಗ್ರಿಯ ನೀರು ಎರಡು ಬಕೆಟ್ಟು ಎಂದುಕೊಳ್ಳಿ. ಅರ್ಧಕ್ಕರ್ಧ ತಣ್ಣೀರು ಬೆರೆಸುವುದರಿಂದ ಕೋಣೆಗೆ 60 ಡಿಗ್ರಿಯ ನೀರು 40 ಲೀಟರು ಸಾಕು. ಇಪ್ಪತ್ತನಾಲ್ಕು ಕೋಣೆಗಳಿಗೆ 960 ಲೀಟರು. ಅಷ್ಟು ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು 45 ಯೂನಿಟ್ ಸಾಕು. ಹೀಗೆ, ಅತಿಥಿಗಳ ಮೈಮೇಲೆ ಬೀಳುವ ಒಂದು ಪಾಲು ಶಾಖಕ್ಕೆ ಪ್ರತಿಯಾಗಿ ಹೆಚ್ಚುಕಡಿಮೆ ಮೂರು ಪಾಲು ಮೊಗಸಾಲೆಯ ಗಾಳಿಗೆ ಹೋಗುತ್ತಿತ್ತು. ಒಣಸೌದೆ ಕಿಲೋಗ್ರಾಮಿಗೆ ಸುಮಾರು 4 ಯೂನಿಟ್ ಶಾಖ ಕೊಡುತ್ತದೆ. ಬಾಯ್ಲರು ಅದರ ಅರ್ಧವನ್ನು ನೀರಿಗೆ ಮುಟ್ಟಿಸಿದರೂ ದಿನವೊಂದಕ್ಕೆ 63 ಕಿಲೋಗ್ರಾಂ ಸೌದೆ ಬರಿಯ ಕೊಳವೆಗಳನ್ನು ಕಾಯಿಸಲೆಂದೇ ಉರಿಯುತ್ತಿತ್ತು. ವ್ಯವಸ್ಥಾಪಕರು ಈ ಲೆಕ್ಕವನ್ನು ಎರಡು ಸಲ ಮಾಡಿಸಿ ನೋಡಿದರು.

ಇನ್ನು ಕಡೆಯ ಕೋಣೆಯ ಮಾತು. ತೊಟ್ಟಿಯ ಬಳಿಯ ಉಷ್ಣಮಾಪಕ 52.5 ಡಿಗ್ರಿ ತೋರಿಸುವುದನ್ನು ಕಂಡು ಎಲ್ಲ ಕಡೆಯೂ ನೀರು ಸಾಕಷ್ಟು ಬಿಸಿಯಾಗಿಯೇ ಇರಬೇಕೆಂದು ಅವರು ನಂಬಿದ್ದರು. ಆದರೆ ಆ ಸಂಖ್ಯೆ ನಾಲ್ಕು ದಾರಿಗಳಿಂದ ಬಂದು ಬೆರೆತ ನೀರಿನದು. ತರಗತಿಯ ಸರಾಸರಿ ಅಂಕದಿಂದ ಕಡೆಯ ಹುಡುಗನ ಅಂಕ ಹೇಗೆ ತಿಳಿಯುವುದಿಲ್ಲವೋ ಹಾಗೆಯೇ ಇದೂ. ಆದಕಾರಣ ಪ್ರತಿಯೊಂದು ಇಳಿಗೊಳವೆಯ ಬುಡದಲ್ಲಿಯೂ ಉಷ್ಣಮಾಪಕವನ್ನು ಕೊಳವೆಗೆ ತಾಗಿಸಿ ಕಟ್ಟಿ, ಮೇಲೆ ದಪ್ಪ ಬಟ್ಟೆ ಸುತ್ತಿ, ಪಾದರಸ ನಿಲ್ಲುವತನಕ ಕಾದೆವು. ತೊಟ್ಟಿಗೆ ಹತ್ತಿರದ್ದರಿಂದ ಆರಂಭಿಸಿ ಕ್ರಮವಾಗಿ ಬಂದ ಅಂಕಿಗಳು 57, 54, 48, 41. ನಾಲ್ಕನೆಯ ಏರುಗೊಳವೆಯ ನೆತ್ತಿಯಲ್ಲಿ, ಕಡೆಯ ಕೋಣೆಯ ಗೋಡೆಯ ಬಳಿ, 45 ಡಿಗ್ರಿ ಮಾತ್ರ. ಆ ನೀರು ಕೋಣೆಯ ತಣ್ಣನೆಯ ಕವಲುಗೊಳವೆಯನ್ನೂ ಬಕೆಟ್ಟನ್ನೂ ಕಾಯಿಸಿದ ಮೇಲೆ ಅತಿಥಿಗೆ ಉಳಿಯುವುದು ಉಗುರುಬೆಚ್ಚಗಿನದೇ.

ಏಕೆ ಹೀಗೆ? ನೀರು ನಾಲ್ಕು ದಾರಿಗಳಲ್ಲಿ ಸಮನಾಗಿ ಹಂಚಿಹೋಗುವುದಿಲ್ಲ. ಕೊಳವೆಯಲ್ಲಿ ವೇಗವಾಗಿ ಹರಿಯುವ ನೀರಿಗೆ ಒಂದು ನಿಯಮವುಂಟು: ಹರಿವು ಎರಡರಷ್ಟಾಗಬೇಕಾದರೆ ಒತ್ತಡ ಹೆಚ್ಚುಕಡಿಮೆ ನಾಲ್ಕರಷ್ಟಾಗಬೇಕು, ಎಂದರೆ ಹರಿವು ಒತ್ತಡದ ವರ್ಗಮೂಲದಂತೆ ಏರುತ್ತದೆ. ಕೊಳವೆಯ ಉದ್ದ ಹೆಚ್ಚಿದಂತೆ ಬೇಕಾಗುವ ಒತ್ತಡವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಇಷ್ಟನ್ನು ಹಿಡಿದುಕೊಂಡು ಕಡೆಯ ತುದಿಯಿಂದ ಲೆಕ್ಕ ಹಾಕುತ್ತ ಹಿಂದಕ್ಕೆ ಬರೋಣ.

ನಾಲ್ಕನೆಯ ದಾರಿಯಲ್ಲಿ ಒಂದು ಪಾಲು ನೀರು ಹರಿಯುತ್ತಿದೆಯೆಂದು ಇಟ್ಟುಕೊಳ್ಳಿ. ಏರುವ 10 ಮೀಟರಿಗೂ ಇಳಿಯುವ 10 ಮೀಟರಿಗೂ ಸೇರಿ 20 ಅಳತೆ ಒತ್ತಡ ಬೇಕು. ಮೂರನೆಯ ಕವಲಿನಿಂದ ನಾಲ್ಕನೆಯದಕ್ಕೆ ಹೋಗಿ ಬರುವ ಮುಖ್ಯ ಕೊಳವೆಗಳು ಇನ್ನೊಂದು 20 ಮೀಟರ್; ಅದಕ್ಕೆ ಮತ್ತೆ 20 ಅಳತೆ. ಹೀಗೆ ಮೂರನೆಯ ಕವಲಿನಲ್ಲಿ 40 ಅಳತೆ ಒತ್ತಡವಿರಲೇಬೇಕು. ಆದರೆ ಮೂರನೆಯ ಏರಿಳಿತದ ಉದ್ದವೂ 20 ಮೀಟರೇ. ಒತ್ತಡ ಇಮ್ಮಡಿಯಾದುದರಿಂದ ಅದರಲ್ಲಿ 2ರ ವರ್ಗಮೂಲದಷ್ಟು, ಎಂದರೆ 1.4 ಪಾಲು ನೀರು ಹರಿಯುತ್ತದೆ. ಈಗ ಎರಡನೆಯ ಮತ್ತು ಮೂರನೆಯ ಕವಲುಗಳ ನಡುವೆ 2.4 ಪಾಲು ಹರಿಯಬೇಕು. ಅದಕ್ಕೆ ತಕ್ಕ ಒತ್ತಡ ಕೂಡಿಸಿದರೆ ಎರಡನೆಯ ದಾರಿಯಲ್ಲಿ 2.8 ಪಾಲು ಬರುತ್ತದೆ. ಅದೇ ರೀತಿ ಮೊದಲನೆಯದರಲ್ಲಿ 5.9 ಪಾಲು. ಒಟ್ಟು ಹನ್ನೊಂದು ಚಿಲ್ಲರೆ ಪಾಲುಗಳಲ್ಲಿ ಮೊದಲನೆಯ ದಾರಿ ಅರ್ಧಕ್ಕಿಂತ ಹೆಚ್ಚನ್ನು ನುಂಗಿತು. ಕಡೆಯದಕ್ಕೆ ಉಳಿದದ್ದು ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ. ಗದ್ದೆಯ ಕಾಲುವೆಯಲ್ಲಿ ತಲೆಗಡೆಯವನು ಕಂಡಿಯನ್ನು ಪೂರಾ ತೆರೆದುಕೊಂಡರೆ ಬಾಲಗಡೆಯವನಿಗೆ ಆಗುವ ಗತಿಯೇ ಇಲ್ಲಿಯೂ ಆಗಿದೆ.

ಅಲ್ಪ ಹರಿವಿನ ದಾರಿಯಲ್ಲಿ ನೀರು ನಿಧಾನವಾಗಿ ತೆವಳುತ್ತದೆ. ತೆವಳಿದಷ್ಟೂ ಹೆಚ್ಚು ಹೊತ್ತು ಬರಿಯ ಕಬ್ಬಿಣದ ಮೂಲಕ ಶಾಖ ಕಳೆದುಕೊಳ್ಳುತ್ತದೆ. 57ರಿಂದ 41ಕ್ಕೆ ಅಂಕಿಗಳು ಇಳಿದದ್ದಕ್ಕೆ ಇದೇ ಕಾರಣ.

ಇದರಲ್ಲಿ ಅತಿಥಿಯ ಅಸಮಾಧಾನಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. 1976ರ ಬೇಸಿಗೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಒಂದು ಹೋಟೆಲಿನಲ್ಲಿ ಮಾಜಿ ಸೈನಿಕರ ಸಂಘದ ಸಮ್ಮೇಳನ ನಡೆಯಿತು. ಅದರಲ್ಲಿ ಭಾಗವಹಿಸಿದವರಲ್ಲಿ ಬಹುಜನ ವಿಚಿತ್ರವಾದ ಶ್ವಾಸಕೋಶದ ಜ್ವರಕ್ಕೆ ತುತ್ತಾದರು, ಅನೇಕರು ಸತ್ತರು. ಮುಂದಿನ ವರ್ಷ ಕಂಡುಹಿಡಿಯಲಾದ ಆ ರೋಗದ ಬ್ಯಾಕ್ಟೀರಿಯಕ್ಕೆ ಲೀಜನೆಲ್ಲ ಎಂಬ ಹೆಸರು ಬಂತು. ಅಲ್ಲಿ ಅದು ಹರಡಿದ್ದು ವಾಯುನಿಯಂತ್ರಣದ ಏರ್ಪಾಡಿನಿಂದ ಎಂದು ಭಾವಿಸಲಾಗಿದೆ. ಆದರೆ ದೊಡ್ಡ ಕಟ್ಟಡಗಳ ಬಿಸಿನೀರಿನ ಕೊಳವೆಗಳಲ್ಲಿಯೂ ಅದು ಬೆಳೆಯಬಲ್ಲುದೆಂದು ಆಮೇಲೆ ಗೊತ್ತಾಯಿತು. ಉಗುರುಬೆಚ್ಚಗಿನಿಂದ 45 ಡಿಗ್ರಿಯವರೆಗಿನ ನೀರು ಅದಕ್ಕೆ ಹಿತ. 50 ಡಿಗ್ರಿ ದಾಟಿದರೆ ಬೆಳವಣಿಗೆ ನಿಲ್ಲುತ್ತದೆ. 60ರಲ್ಲಿ ಅದು ಬೇಗ ಸಾಯುತ್ತದೆ. ಆದ್ದರಿಂದಲೇ ತೊಟ್ಟಿಯಲ್ಲಿ 60 ಡಿಗ್ರಿ, ಸುತ್ತುವ ಕೊಳವೆಯಲ್ಲಿ ಎಲ್ಲಿಯೂ 50ಕ್ಕಿಂತ ಕಡಿಮೆಯಾಗಬಾರದು ಎಂಬುದು ಇಂದಿನ ಕ್ರಮ. ನಮ್ಮ ನಾಲ್ಕನೆಯ ಇಳಿಗೊಳವೆಯ 41 ಡಿಗ್ರಿ ಅತಿಥಿಗೆ ಸಾಲದು, ಆದರೆ ಆ ಜೀವಿಗೆ ಅನುಕೂಲ. (60 ಡಿಗ್ರಿಯ ನೀರು ಚರ್ಮವನ್ನು ಕ್ಷಣಗಳಲ್ಲಿ ಸುಡಬಲ್ಲುದು, ತಣ್ಣೀರು ಬೆರೆಸದೆ ಅದನ್ನು ಮೈಗೆ ಸೋಕಿಸಬಾರದು.)

ದೊಡ್ಡ ಪಂಪು ತಂದರೆ ಆಗುವುದೇನು? ಮೂರನೆಯ ಅಂತಸ್ತಿಗೆ ನೀರೇರಿಸಲು ಶಕ್ತಿ ಸಾಲದೆಂಬ ಭಾವನೆ ವ್ಯವಸ್ಥಾಪಕರಿಗಿತ್ತು. ಇದು ಸಹಜವಾದ ತಪ್ಪು. ಬಾವಿಯ ರಾಟೆಯ ಹಗ್ಗಕ್ಕೆ ಎರಡು ತುದಿಗಳಲ್ಲಿಯೂ ತುಂಬಿದ ಕೊಡಗಳನ್ನು ಕಟ್ಟಿದರೆ, ಇಳಿಯುವ ಕೊಡದ ಭಾರವೇ ಏರುವ ಕೊಡವನ್ನು ಎತ್ತುತ್ತದೆ. ಕೈಯಿಂದ ನಾವು ಗೆಲ್ಲಬೇಕಾದುದು ರಾಟೆಯ ಘರ್ಷಣೆಯನ್ನು ಮಾತ್ರ. ತುಂಬಿದ ಮುಚ್ಚಿದ ಸುತ್ತಿನಲ್ಲಿಯೂ ಹಾಗೆಯೇ: ಇಳಿಗೊಳವೆಯ ನೀರಿನ ಭಾರ ಏರುಗೊಳವೆಯದನ್ನು ಸರಿದೂಗಿಸುತ್ತದೆ. ಪಂಪಿಗೆ ಕಟ್ಟಡದ ಎತ್ತರದ ಚಿಂತೆಯಿಲ್ಲ. ಕೊಳವೆಯ ಘರ್ಷಣೆಯೊಂದೇ ಅದರ ಕೆಲಸ.

ಹರಿವನ್ನು 20 ಲೀಟರಿಗೆ ಏರಿಸಿದರೆ ಕಡೆಯ ಕೋಣೆಯ ಬಳಿ 45 ಇದ್ದದ್ದು 51ಕ್ಕೋ 52ಕ್ಕೋ ಬರುತ್ತದೆ. ನಾಲ್ಕು ದಾರಿಗಳ ಪಾಲು ಮಾತ್ರ ಬದಲಾಗುವುದಿಲ್ಲ; ಹೆಚ್ಚಿಗೆ ನೂಕಿದ ನೀರಿನ ಅರ್ಧ ಮತ್ತೆ ಮೊದಲನೆಯ ದಾರಿಯಲ್ಲೇ ತಿರುಗಿ ಬರುತ್ತದೆ. ಎಲ್ಲ ಕೊಳವೆಗಳೂ ಇನ್ನಷ್ಟು ಬಿಸಿಯಾಗುವುದರಿಂದ ನಷ್ಟ ದಿನಕ್ಕೆ ಸುಮಾರು 12 ಯೂನಿಟ್ ಹೆಚ್ಚುತ್ತದೆ. ಒತ್ತಡ ನಾಲ್ಕರಷ್ಟು, ಹರಿವು ಎರಡರಷ್ಟು ಆದುದರಿಂದ ನೀರನ್ನು ನೂಕುವ ಕೆಲಸ ಎಂಟರಷ್ಟಾಗುತ್ತದೆ. ರೋಗದ ಲಕ್ಷಣ ತುಸು ಕಡಿಮೆಯಾಗಿ, ರೋಗ ಬೆಳೆದಂತೆ.

ಮೊದಲು ಆಗಬೇಕಾದುದು ಹೊದಿಕೆ. ಕೊಳವೆಯೊಳಗೆ 60, ಹೊರಗೆ 20 ಡಿಗ್ರಿಯಿದ್ದಾಗ ಒಂದು ಅಂಗುಲದ ಬರಿಯ ಕೊಳವೆ ಮೀಟರಿಗೆ ಸುಮಾರು 44 ವ್ಯಾಟ್ ಚೆಲ್ಲುತ್ತದೆ. ಗಾಜಿನ ಉಣ್ಣೆಯನ್ನೋ ರಬ್ಬರಿನ ನೊರೆಯ ಕೊಳವೆಯನ್ನೋ 20 ಮಿಲಿಮೀಟರ್ ದಪ್ಪಕ್ಕೆ ಹೊದಿಸಿದರೆ ಅದು ಸುಮಾರು 11 ವ್ಯಾಟ್‌ಗೆ, ಎಂದರೆ ಕಾಲುಭಾಗಕ್ಕೆ ಇಳಿಯುತ್ತದೆ. ಶಾಖವನ್ನು ತಡೆಯುವುದು ವಾಸ್ತವವಾಗಿ ಹೊದಿಕೆಯೊಳಗೆ ಸಿಕ್ಕಿಕೊಂಡ ನಿಶ್ಚಲವಾದ ಗಾಳಿ. ಮಲೆನಾಡಿನಲ್ಲಿ ಇದನ್ನು ಮರೆಯಬಾರದು: ಮಳೆಗಾಲದ ಎರಚಲು ಗಾಜಿನ ಉಣ್ಣೆಯನ್ನು ತೋಯಿಸಿದರೆ ಗಾಳಿಯ ಜಾಗವನ್ನು ನೀರು ಹಿಡಿಯುತ್ತದೆ; ನೀರು ಗಾಳಿಗಿಂತ ಇಪ್ಪತ್ತು ಪಾಲಿಗೂ ಹೆಚ್ಚಾಗಿ ಶಾಖವನ್ನು ದಾಟಿಸಬಲ್ಲುದು. ತೆರೆದ ಮೊಗಸಾಲೆಯ ಕೊಳವೆಗೆ ಹೊದಿಕೆಯ ಮೇಲೆ ನೀರು ಹೋಗದ ಸಿಪ್ಪೆಯೊಂದು ಬೇಕೇ ಬೇಕು.

ಹೊದಿಸಿದ ಮೇಲೆ ಎಷ್ಟು ಹರಿವು ಬೇಕು? ಇಲ್ಲಿ ಬಹುಮಂದಿ ಎಡವುತ್ತಾರೆ. ಮೀಯುವವರಿಗೆ ಬೇಕಾದ ನೀರು ಪಂಪಿನ ಹೊಣೆಯಲ್ಲ. ನಲ್ಲಿ ತೆರೆದಾಗ ಛಾವಣಿಯ ತೊಟ್ಟಿಯ ಒತ್ತಡವೇ ಅದನ್ನು ಕೊಡುತ್ತದೆ. ಪಂಪು ಒದಗಿಸಬೇಕಾದುದು ಕೊಳವೆಗಳು ಕಳೆದುಕೊಂಡ ಶಾಖವನ್ನಷ್ಟೇ. 150 ಮೀಟರಿಗೆ 11 ವ್ಯಾಟಿನಂತೆ 1,650 ವ್ಯಾಟ್. ಹೊರಟ ನೀರು 5 ಡಿಗ್ರಿ ತಣಿದು ಹಿಂದಿರುಗಬಹುದೆಂದು ಒಪ್ಪಿದರೆ, 1,650ನ್ನು 4,200ರಿಂದಲೂ 5ರಿಂದಲೂ ಭಾಗಿಸಬೇಕು: ಸೆಕೆಂಡಿಗೆ 0.079 ಲೀಟರು, ನಿಮಿಷಕ್ಕೆ ಸುಮಾರು 5 ಲೀಟರು. ಇಪ್ಪತ್ತನಾಲ್ಕು ಕೋಣೆಗಳ ಪಾರ್ಶ್ವಕ್ಕೆ ಒಂದು ನಲ್ಲಿಯಿಂದ ಬೀಳುವಷ್ಟು ನೀರೂ ಬೇಡ! ಕೆಲವು ಹತ್ತು ವ್ಯಾಟಿನ ಸಣ್ಣ ಪಂಪು ಇದನ್ನು ಮಾಡಬಲ್ಲುದು.

ಆದರೆ ಈ 5 ಲೀಟರನ್ನು ಹಳೆಯ ಪಾಲಿನಂತೆಯೇ ಹರಿಯಬಿಟ್ಟರೆ, ಹೊದಿಕೆಯಿದ್ದರೂ ನಾಲ್ಕನೆಯ ಇಳಿಗೊಳವೆಯ ಬುಡ 49 ಡಿಗ್ರಿಗೆ ಕುಸಿಯುತ್ತದೆ; ಎಂದರೆ ನಾವು ಹಾಕಿಕೊಂಡ ಗೆರೆಗಿಂತ ಕೆಳಗೆ. ಆದ್ದರಿಂದ ಹಂಚಿಕೆಯನ್ನು ಸರಿಪಡಿಸಬೇಕು. ಸರಿಯಾದ ಹಂಚಿಕೆಯೆಂದರೆ ಸಮಪಾಲಲ್ಲ. ಒಂದೊಂದು ಕವಲಿನಲ್ಲಿಯೂ ನೀರು ಮುಂದಿನ ದಾರಿಯ ಶಾಖನಷ್ಟಕ್ಕೆ ಅನುಗುಣವಾಗಿ ಒಡೆಯಬೇಕು. ಮೂರನೆಯ ಕವಲನ್ನು ನೋಡಿ: ಮೂರನೆಯ ಏರಿಳಿತದ 20 ಮೀಟರಿನ ನಷ್ಟ 220 ವ್ಯಾಟ್, ಅದರಾಚೆ ಹೋಗುವ ಮುಖ್ಯ ಕೊಳವೆಯ 10 ಮೀಟರ್ ಮತ್ತು ನಾಲ್ಕನೆಯ ಏರಿಳಿತ ಸೇರಿ 330 ವ್ಯಾಟ್. ಆದ್ದರಿಂದ ಅಲ್ಲಿಗೆ ಬಂದ ನೀರು ಎರಡಕ್ಕೆ ಮೂರರಂತೆ ಒಡೆಯಬೇಕು. ಹೀಗೆಯೇ ಹಿಂದಕ್ಕೆ ಲೆಕ್ಕ ಹಾಕಿದರೆ ನಿಮಿಷಕ್ಕೆ ಬೇಕಾದ ಹರಿವುಗಳು ಕ್ರಮವಾಗಿ 0.9, 1.0, 1.2, 1.9 ಲೀಟರು. ಪಂಪು ತನ್ನಷ್ಟಕ್ಕೆ ಕೊಡುವುದು ಹತ್ತಿರದವನಿಗೆ ಹೆಚ್ಚು, ದೂರದವನಿಗೆ ಕಡಿಮೆ. ಬೇಕಾದುದು ನೇರ ತಲೆಕೆಳಗು.

ಇದನ್ನು ಸಾಧಿಸಲು ಪ್ರತಿ ಇಳಿಗೊಳವೆಯ ಬುಡದಲ್ಲಿಯೂ ಒಂದು ವಾಲ್ವನ್ನು ಕೂಡಿಸಿದೆವು. ಸುತ್ತು ಎಣಿಸಿ ಸ್ವಲ್ಪಸ್ವಲ್ಪವೇ ಮುಚ್ಚಬಹುದಾದ ವಾಲ್ವು ಬೇಕು. ಕಾಲು ತಿರುವಿಗೇ ಪೂರ್ತಿ ತೆರೆಯುವ ವಾಲ್ವು ಈ ಕೆಲಸಕ್ಕೆ ಬಾರದು. ನಾಲ್ಕನೆಯದನ್ನು ಪೂರ್ತಿ ತೆರೆದಿಟ್ಟು, ಮೊದಲನೆಯದನ್ನು ಬಹಳಷ್ಟು, ಎರಡನೆಯದನ್ನು ಅದಕ್ಕಿಂತ ಕಡಿಮೆ, ಮೂರನೆಯದನ್ನು ತುಸುವೇ ಬಿಗಿದೆವು. ಒಂದೊಂದು ತಿದ್ದುಪಡಿಯ ಬಳಿಕವೂ ಅರ್ಧ ಗಂಟೆಗೆ ಮಿಕ್ಕಿ ಕಾಯಬೇಕು. ಕೊಳವೆಗಳಲ್ಲಿರುವ ನೀರು 75 ಲೀಟರು. ನಿಮಿಷಕ್ಕೆ 5 ಲೀಟರಿನಂತೆ ಅದು ಒಂದು ಸುತ್ತು ಬರಲೇ ಕಾಲು ಗಂಟೆ ಬೇಕು, ಕಬ್ಬಿಣ ಹೊಸ ಉಷ್ಣತೆಗೆ ಒಗ್ಗಲು ಇನ್ನಷ್ಟು. ಅವಸರಪಟ್ಟು ಓದಿದ ಅಂಕಿ ಹಳೆಯ ಸ್ಥಿತಿಯದೇ ಆಗಿರುತ್ತದೆ. ಮತ್ತೂ ಒಂದು ತೊಡಕು: ಒಂದನ್ನು ಬಿಗಿದರೆ ಅಲ್ಲಿ ತಡೆದ ನೀರು ಉಳಿದ ಮೂರಕ್ಕೂ ಹೋಗುತ್ತದೆ, ಆದ್ದರಿಂದ ಎಲ್ಲವನ್ನೂ ಎರಡು ಮೂರು ಆವರ್ತಿ ತಿದ್ದಬೇಕಾಯಿತು. ಹರಿವನ್ನು ಅಳೆಯುವ ಮೀಟರು ಪ್ರತಿ ದಾರಿಗೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಾಲ್ಕು ಬುಡಗಳ ಉಷ್ಣತೆ ಸಮನಾದರೆ ಹಂಚಿಕೆ ಸರಿಯಾಯಿತೆಂದೇ ಅರ್ಥ.

ಎರಡು ಮಧ್ಯಾಹ್ನಗಳು ಕಳೆದ ಮೇಲೆ ನಾಲ್ಕೂ ಉಷ್ಣಮಾಪಕಗಳು 56 ಮತ್ತು 57ರ ನಡುವೆ ನಿಂತವು. ತೊಟ್ಟಿಗೆ ಹಿಂದಿರುಗುವ ನೀರು 55ಕ್ಕಿಂತ ತುಸು ಮೇಲೆ. ನಷ್ಟ ಸುಮಾರು 1,550 ವ್ಯಾಟ್, ದಿನಕ್ಕೆ 37 ಯೂನಿಟ್. ಮೊದಲಿನ 126ರೊಡನೆ ಹೋಲಿಸಿದರೆ 89 ಯೂನಿಟ್ ಉಳಿತಾಯ. ಸೌದೆಯ ಲೆಕ್ಕದಲ್ಲಿ ದಿನಕ್ಕೆ ಸುಮಾರು 45 ಕಿಲೋಗ್ರಾಂ.

ಉಳಿದ 37 ಯೂನಿಟ್ಟನ್ನು ಪೂರ್ತಿ ತಪ್ಪಿಸಲಾಗದು. ಹೊದಿಕೆಯನ್ನು ಇಮ್ಮಡಿ ದಪ್ಪಗೊಳಿಸಿದರೂ ನಷ್ಟ ಅರ್ಧಕ್ಕಿಳಿಯುವುದಿಲ್ಲ. ದಪ್ಪವಾದಂತೆ ಅದರ ಹೊರಮೈಯೂ ದೊಡ್ಡದಾಗುತ್ತದೆ. ರಾತ್ರಿ ಪಂಪನ್ನು ನಿಲ್ಲಿಸಿದರೆ ಕೊಳವೆಯ ನೀರು ಕೆಲವು ಗಂಟೆಗಳಲ್ಲಿ ಆ 45 ಡಿಗ್ರಿಯ ಅಪಾಯದ ವಲಯಕ್ಕೆ ಇಳಿಯುತ್ತದೆ. ಮುಂದೆ ಯಾರಾದರೂ ದುರಸ್ತಿಗೆಂದು ವಾಲ್ವುಗಳನ್ನು ತಿರುಗಿಸಿ ಹಾಗೆಯೇ ಬಿಟ್ಟರೆ ಇಷ್ಟೂ ಶ್ರಮ ವ್ಯರ್ಥ. ಆದ್ದರಿಂದ ಒಂದೊಂದು ವಾಲ್ವು ಎಷ್ಟು ಸುತ್ತು ತೆರೆದಿದೆಯೆಂದು ಬಾಯ್ಲರಿನ ಬಾಗಿಲ ಹಿಂದೆ ಬಣ್ಣದಲ್ಲಿ ಬರೆಸಿ, ತಿಂಗಳಿಗೊಮ್ಮೆ ನಾಲ್ಕು ಬುಡಗಳ ಉಷ್ಣತೆಯನ್ನು ಓದಿಡಲು ಹೇಳಿ ಬಂದೆ. ದೊಡ್ಡ ಪಂಪಿನ ಬೇಡಿಕೆಪತ್ರವನ್ನು ವ್ಯವಸ್ಥಾಪಕರು ನನ್ನೆದುರಿಗೇ ಹರಿದುಹಾಕಿದರು.